ಎಂಟು ವಾರ್ಡಿನ ನೀರು, ಅರವತ್ತೇಳು ವಾರ್ಡಿನ ಪ್ರಶ್ನೆ

2008ರ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದ ಎಂಟು ವಾರ್ಡುಗಳಲ್ಲಿ ನಲ್ಲಿ ತಿರುಗಿಸಿದರೆ ಯಾವ ಹೊತ್ತಿನಲ್ಲೂ ನೀರು ಬರತೊಡಗಿತ್ತು. ಉಳಿದ ಕಡೆ ಹಳೆಯ ಸ್ಥಿತಿಯೇ ಇತ್ತು. ಕೆಲವು ದಿನಗಳಿಗೊಮ್ಮೆ, ಕೆಲವೇ ತಾಸು ನೀರು. ಅಷ್ಟರೊಳಗೆ ಸಂಪು, ಸಿಂಟೆಕ್ಸ್, ಡ್ರಮ್ಮು, ಕೊಡ ಎಲ್ಲವನ್ನೂ ತುಂಬಿಸಿಕೊಳ್ಳಬೇಕು. ನೀರು ಬಿಡುವ ದಿನ ಮನೆಯಲ್ಲಿ ಯಾರಾದರೂ ಒಬ್ಬರು ಕೆಲಸ ಬಿಟ್ಟು ಕೂರಬೇಕು. ಸಾಮಾನ್ಯವಾಗಿ ಆ ಒಬ್ಬರು ಮನೆಯ ಹೆಣ್ಣುಮಗಳೇ ಆಗಿರುತ್ತಾಳೆ.

ವಿಶ್ವಬ್ಯಾಂಕಿನ ಸಾಲದ ನೆರವಿನಿಂದ 2004ರಲ್ಲಿ ಶುರುವಾದ ರಾಜ್ಯ ಸರ್ಕಾರದ ಯೋಜನೆಯೊಂದು ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ನಗರಗಳ ಕೆಲವು ಭಾಗಗಳನ್ನು ಆರಿಸಿಕೊಂಡು ದಿನದ 24 ತಾಸೂ ನೀರು ಕೊಟ್ಟು ತೋರಿಸಲು ಹೊರಟಿತ್ತು. ನಮ್ಮ ನಗರಗಳಲ್ಲಿ ಇದು ಆಗುವ ಮಾತಲ್ಲ ಎಂಬ ನಂಬಿಕೆ ಎಂಜಿನಿಯರುಗಳಲ್ಲೂ ಗಟ್ಟಿಯಾಗಿದ್ದ ಕಾಲವದು. ಹುಬ್ಬಳ್ಳಿ-ಧಾರವಾಡದಲ್ಲಿ ಆಗ 67 ವಾರ್ಡುಗಳಿದ್ದವು. ಪ್ರಯೋಗಕ್ಕೆ ಸಿಕ್ಕಿದ್ದು ಎಂಟು, ಅಂದರೆ ಜನಸಂಖ್ಯೆಯ ಸುಮಾರು ಹತ್ತರಲ್ಲೊಂದು ಪಾಲು. ನೀರು ಹರಿಯಿತು. ಕೂಡಲೇ ಮುಂದಿನ ಪ್ರಶ್ನೆ ಎದ್ದಿತು: ಇದನ್ನು ಇಡೀ ಊರಿಗೆ ವಿಸ್ತರಿಸಬಹುದೆ?

ಇಂಥ ಪ್ರಶ್ನೆ ಕೊನೆಗೆ ಒಂದು ಸಭಾಂಗಣಕ್ಕೆ ಬಂದು ನಿಲ್ಲುತ್ತದೆ. ಒಂದು ಕಡೆ ಆಯುಕ್ತರು, ಮೇಯರ್, ಪಾಲಿಕೆ ಸದಸ್ಯರು, ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು. ಇನ್ನೊಂದು ಕಡೆ ಪರದೆಯ ಪಕ್ಕದಲ್ಲಿ ಪ್ರಯೋಗ ನಡೆಸಿದ ತಂಡದ ಒಬ್ಬ ಅಧಿಕಾರಿ. ಆಸ್ಪತ್ರೆ, ಶಾಲೆ, ಬ್ಯಾಂಕು, ಕಾರ್ಖಾನೆ ಎಲ್ಲ ಕಡೆಯೂ ಸಣ್ಣದಾಗಿ ಮಾಡಿ ನೋಡಿದ್ದನ್ನು ದೊಡ್ಡದಾಗಿಸಿ ಎಂದು ಕೇಳುವ ಸಭೆ ಹೀಗೆಯೇ ಇರುತ್ತದೆ. ಆ ಅರ್ಧ ತಾಸಿನಲ್ಲಿ ಏನು ಹೇಳಿದರು, ಏನು ಬಿಟ್ಟರು ಎಂಬುದರ ಮೇಲೆ ಲಕ್ಷಾಂತರ ಜನರ ನೀರು ಮತ್ತು ಕೋಟ್ಯಂತರ ರೂಪಾಯಿ ನಿಂತಿರುತ್ತದೆ. ಹುಬ್ಬಳ್ಳಿ-ಧಾರವಾಡದ ಪ್ರಯೋಗದ ಪರಿಣಾಮವನ್ನು ಸಂಶೋಧಕರು ವರ್ಷಗಟ್ಟಲೆ ಅಳೆದು ಪ್ರಕಟಿಸಿದ್ದಾರೆ. ಹಾಗಾಗಿ ಅದನ್ನೇ ಮುಂದಿಟ್ಟುಕೊಂಡು, ಇಂಥ ಮಂಡನೆ ಹೇಗಿರಬೇಕು ಎಂದು ನೋಡಬಹುದು.

ಮೊದಲು ಕೇಳಿಕೆ, ಆಮೇಲೆ ಕಥೆ

ಬಹುಪಾಲು ಮಂಡನೆಗಳು ಹಿನ್ನೆಲೆಯಿಂದ ಶುರುವಾಗುತ್ತವೆ. ಯೋಜನೆ ಯಾವಾಗ ಮಂಜೂರಾಯಿತು, ಯಾರು ಉದ್ಘಾಟಿಸಿದರು, ಎಷ್ಟು ಕಿಲೋಮೀಟರ್ ಪೈಪ್ ಹಾಕಲಾಯಿತು ಎನ್ನುವಷ್ಟರಲ್ಲಿ ಅರ್ಧ ಸಮಯ ಮುಗಿದಿರುತ್ತದೆ. ಮಹಿಳೆಯೊಬ್ಬರು ನಲ್ಲಿಯ ಮುಂದೆ ನಗುತ್ತ ನಿಂತ ಫೋಟೊ ಬರುತ್ತದೆ. ಕೊನೆಯ ಪುಟದಲ್ಲಿ, ಎಲ್ಲರೂ ಎದ್ದು ಹೊರಡುವ ಹೊತ್ತಿಗೆ, 'ಯೋಜನೆಯನ್ನು ಇಡೀ ನಗರಕ್ಕೆ ವಿಸ್ತರಿಸಬಹುದು' ಎಂಬ ಒಂದು ಸಾಲು ಇರುತ್ತದೆ. ಎಷ್ಟು ಹಣ, ಯಾವ ವಾರ್ಡು ಮೊದಲು, ಯಾವ ತಾರೀಖಿನೊಳಗೆ ತೀರ್ಮಾನ ಬೇಕು ಎಂಬುದು ಯಾರಿಗೂ ತಿಳಿಯುವುದಿಲ್ಲ. ಸಭೆ 'ಪರಿಶೀಲಿಸೋಣ' ಎಂದು ಹೇಳಿ ಮುಗಿಯುತ್ತದೆ.

ಅನುಭವಿ ಅಧಿಕಾರಿ ಇದನ್ನು ತಿರುವಿ ಹಾಕುತ್ತಾರೆ. ಮೊದಲ ಪುಟದಲ್ಲೇ ಸಭೆಯಿಂದ ತಮಗೆ ಬೇಕಾದ ಒಪ್ಪಿಗೆ ಏನು ಎಂದು ಬರೆಯುತ್ತಾರೆ. ಅದರ ಕೆಳಗೆ, ಆ ಒಪ್ಪಿಗೆಗೆ ಆಧಾರವಾದ ಫಲಿತಾಂಶ ಒಂದೆರಡು ಸಾಲಿನಲ್ಲಿ. ಅದರ ಕೆಳಗೆ, ಪ್ರಯೋಗದಿಂದ ತಿಳಿಯದೆ ಉಳಿದದ್ದು ಇನ್ನೊಂದೆರಡು ಸಾಲಿನಲ್ಲಿ. ತೀರ್ಮಾನ ತೆಗೆದುಕೊಳ್ಳುವವರು ಅರ್ಧದಲ್ಲೇ ಎದ್ದು ಹೋಗಬೇಕಾಗಿ ಬಂದರೂ ಅವರಿಗೆ ಬೇಕಾದದ್ದು ಸಿಕ್ಕಿರುತ್ತದೆ. ಮಿತಿಗಳನ್ನು ಮೊದಲ ಪುಟದಲ್ಲೇ ಇಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಕೊನೆಯ ಪುಟಕ್ಕೆ ತಳ್ಳಿದ ಮಿತಿಯನ್ನು ಯಾರೂ ಓದಿರುವುದಿಲ್ಲ. ಐದು ವರ್ಷದ ಮೇಲೆ ಯೋಜನೆ ಎಡವಿದಾಗ 'ಇದನ್ನು ನಮಗೆ ಹೇಳಲೇ ಇಲ್ಲ' ಎಂಬ ಮಾತು ಬರುತ್ತದೆ, ಆ ಮಾತಿನಲ್ಲಿ ಸತ್ಯವೂ ಇರುತ್ತದೆ.

ಯಾರೊಂದಿಗೆ ಹೋಲಿಸಿದಿರಿ?

ಪ್ರಯೋಗ ಫಲಿಸಿದೆ ಎಂದು ಹೇಳುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದು. 'ಮೊದಲು ಹೀಗಿತ್ತು, ಈಗ ಹೀಗಿದೆ' ಎಂಬ ಲೆಕ್ಕ ಸುಲಭ, ಆದರೆ ಅದನ್ನು ನೆಚ್ಚುವಂತಿಲ್ಲ. ಆ ವರ್ಷ ಮಳೆ ಚೆನ್ನಾಗಿ ಬಿದ್ದು ಇಡೀ ಊರಿನ ನೀರೇ ಸುಧಾರಿಸಿರಬಹುದು. ಅದೇ ಹೊತ್ತಿನಲ್ಲಿ ಚರಂಡಿ ಕೆಲಸ ನಡೆದು ಕಾಯಿಲೆ ಕಡಿಮೆಯಾಗಿರಬಹುದು. ಆ ಪುಣ್ಯವೆಲ್ಲ ಪ್ರಯೋಗದ ಖಾತೆಗೆ ಜಮೆಯಾಗುತ್ತದೆ.

ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದ ಸಂಶೋಧಕರು 2010ರಿಂದ ಹುಬ್ಬಳ್ಳಿ-ಧಾರವಾಡದಲ್ಲಿ ಕೆಲಸ ಮಾಡಿದಾಗ ಬೇರೆ ದಾರಿ ಹಿಡಿದರು. 24 ತಾಸು ನೀರಿದ್ದ ಎಂಟು ವಾರ್ಡುಗಳಿಗೆ ಜನರ ಸ್ಥಿತಿಗತಿಯಲ್ಲಿ ಹೋಲುವ, ಆದರೆ ಹಳೆಯ ಪದ್ಧತಿಯಲ್ಲೇ ನೀರು ಪಡೆಯುತ್ತಿದ್ದ ಎಂಟು ವಾರ್ಡುಗಳನ್ನು ಜೋಡಿಯಾಗಿ ಆರಿಸಿಕೊಂಡರು. ಎರಡೂ ಕಡೆ ಸೇರಿ, ಐದು ವರ್ಷದೊಳಗಿನ ಮಗುವಿದ್ದ ಸುಮಾರು 3,900 ಕುಟುಂಬಗಳಿಗೆ ಮತ್ತೆ ಮತ್ತೆ ಭೇಟಿ ಕೊಟ್ಟರು. ಮಳೆ, ಬೇಸಿಗೆ, ಮಾರುಕಟ್ಟೆಯ ಏರಿಳಿತ ಎರಡೂ ಕಡೆಯವರಿಗೆ ಒಂದೇ. ಹಾಗಾಗಿ ಕಂಡ ವ್ಯತ್ಯಾಸಕ್ಕೆ ನೀರಿನ ವ್ಯವಸ್ಥೆಯೇ ಕಾರಣವಿರಬೇಕು ಎಂದು ಹೇಳಲು ಹೆಚ್ಚು ಆಧಾರ ಸಿಗುತ್ತದೆ.

ಇಲ್ಲೂ ಒಂದು ಕೊರತೆ ಉಳಿಯಿತು. ಅಧ್ಯಯನ ಶುರುವಾಗುವ ಹೊತ್ತಿಗೆ ನೀರು ಹರಿಯತೊಡಗಿ ಎರಡು ವರ್ಷವಾಗಿತ್ತು. ಅದಕ್ಕೂ ಮೊದಲು ಆ ಎಂಟು ವಾರ್ಡುಗಳ ಮಕ್ಕಳ ಆರೋಗ್ಯ ಹೇಗಿತ್ತು ಎಂಬುದನ್ನು ಅದೇ ರೀತಿಯಲ್ಲಿ ಅಳೆದಿರಲಿಲ್ಲ. ವಾರ್ಡುಗಳನ್ನು ಚೀಟಿ ಎತ್ತಿಯೂ ಆರಿಸಿರಲಿಲ್ಲ. ಪ್ರಯೋಗ ಮಾಡುವವರು ವಾಲ್ವ್ ತೆರೆಯುವ ಮೊದಲೇ ಅಳತೆ ಶುರು ಮಾಡಬೇಕು ಎನ್ನುವುದು ಇದಕ್ಕಾಗಿಯೇ. ಆಮೇಲೆ ಎಷ್ಟು ಹಣ ಸುರಿದರೂ ಕಳೆದುಹೋದ ಆ 'ಮೊದಲು' ಸಿಗುವುದಿಲ್ಲ.

ನಲ್ಲಿಯ ನೀರು ಹೇಳಿದ್ದು

ಈಗ ಪುರಾವೆಗೆ ಬರೋಣ. ಹಳೆಯ ಪದ್ಧತಿಯ ವಾರ್ಡುಗಳಲ್ಲಿ ನಲ್ಲಿಯಿಂದ ಹಿಡಿದ ನೀರಿನ ಮಾದರಿಗಳ ಪೈಕಿ ಶೇ. 31.7ರಲ್ಲಿ ಇ-ಕೊಲೈ ಬ್ಯಾಕ್ಟೀರಿಯಾ ಸಿಕ್ಕಿತು. ಮಲದಿಂದ ನೀರು ಕೆಟ್ಟಿದೆ ಎಂಬುದಕ್ಕೆ ಅದು ಗುರುತು. 24 ತಾಸು ನೀರಿನ ವಾರ್ಡುಗಳಲ್ಲಿ ಅದು ಸಿಕ್ಕಿದ್ದು ಕೇವಲ ಶೇ. 0.7ರಲ್ಲಿ. ಒಂದು ಕಡೆ ನೂರಕ್ಕೆ ಮೂವತ್ತೆರಡು, ಇನ್ನೊಂದು ಕಡೆ ನೂರಕ್ಕೆ ಒಂದೂ ಪೂರ್ತಿ ಇಲ್ಲ. ಶುದ್ಧೀಕರಣ ಘಟಕದಿಂದ ಹೊರಟ ನೀರು ಇಬ್ಬರಿಗೂ ಒಂದೇ ಬಗೆಯದು. ಕೆಟ್ಟದ್ದು ದಾರಿಯಲ್ಲಿ.

ಯಾಕೆ ಕೆಡುತ್ತದೆ? ನೀರು ನಿಲ್ಲಿಸಿದಾಗ ಪೈಪು ಖಾಲಿಯಾಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ. ಪಕ್ಕದಲ್ಲೇ ಹರಿಯುವ ಚರಂಡಿಯ ನೀರು, ಮಣ್ಣಿನಲ್ಲಿ ಇಂಗಿದ ಕೊಳೆ, ಪೈಪಿನ ಬಿರುಕು ಮತ್ತು ಸಡಿಲ ಜೋಡಣೆಗಳ ಮೂಲಕ ಒಳಗೆ ನುಗ್ಗುತ್ತದೆ. ಮತ್ತೆ ನೀರು ಬಿಟ್ಟಾಗ ಅದೆಲ್ಲ ಮೊದಲ ಹರಿವಿನೊಂದಿಗೆ ಮನೆಗೆ ಬರುತ್ತದೆ. ಮೊದಲು ಬರುವ ನೀರನ್ನು ಚೆಲ್ಲಿ ಆಮೇಲೆ ಹಿಡಿಯುವ ಅಭ್ಯಾಸ ನಮ್ಮ ಮನೆಗಳಲ್ಲಿದೆಯಲ್ಲ, ಸಂಶೋಧಕರ ಅಳತೆಯೂ ಅದನ್ನೇ ಸಮರ್ಥಿಸಿತು: ಮೊದಲ ಹರಿವಿನಲ್ಲೂ, ಒತ್ತಡ ಕಡಿಮೆ ಇದ್ದಾಗಲೂ ಕಲ್ಮಶ ಹೆಚ್ಚು. ಪೈಪು ಸದಾ ತುಂಬಿ ಒತ್ತಡದಲ್ಲಿದ್ದರೆ ಬಿರುಕಿನಿಂದ ನೀರು ಹೊರಗೆ ಸೋರೀತೇ ಹೊರತು ಕೊಳೆ ಒಳಗೆ ಬರುವುದಿಲ್ಲ.

ಮಂಡನೆ ಮಾಡುವವರು ಇಂಥ ಅಂಕಿಯ ಹಿಂದಿನ ಕೆಲಸವನ್ನೂ ಒಂದು ನಿಮಿಷ ತೋರಿಸಿದರೆ ಅದಕ್ಕೆ ಬೆಲೆ ಬರುತ್ತದೆ. ಮಾದರಿ ಹಿಡಿಯುವ ಬಾಟಲಿ ಕ್ರಿಮಿರಹಿತವಾಗಿರಬೇಕು. ಅದರೊಳಗೆ ಮೊದಲೇ ಸ್ವಲ್ಪ ಸೋಡಿಯಂ ಥಯೋಸಲ್ಫೇಟ್ ಹಾಕಿರುತ್ತಾರೆ. ನೀರಿನಲ್ಲಿ ಉಳಿದ ಕ್ಲೋರಿನ್ನಿನ ಶಕ್ತಿಯನ್ನು ಅದು ಅಲ್ಲೇ ಅಳಿಸುತ್ತದೆ. ಹಾಗೆ ಮಾಡದಿದ್ದರೆ ಪ್ರಯೋಗಾಲಯಕ್ಕೆ ಹೋಗುವ ದಾರಿಯುದ್ದಕ್ಕೂ ಬಾಟಲಿಯೊಳಗೆ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತಲೇ ಇರುತ್ತದೆ, ಕೆಟ್ಟ ನೀರೂ ಒಳ್ಳೆಯದೆಂದು ವರದಿಯಾಗುತ್ತದೆ. ಬಾಟಲಿಯನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಒಯ್ದು, ಪೋಷಕ ಪುಡಿ ಬೆರೆಸಿ, ಸುಮಾರು 35 ಡಿಗ್ರಿ ಬಿಸಿಯಲ್ಲಿ ಒಂದು ದಿನ ಇಡುವ ಪದ್ಧತಿಯೊಂದಿದೆ. ಇ-ಕೊಲೈ ಇದ್ದರೆ ನೇರಳಾತೀತ ದೀಪದ ಕೆಳಗೆ ಆ ನೀರು ನೀಲಿಯಾಗಿ ಹೊಳೆಯುತ್ತದೆ. 'ಬಾಟಲಿಯಲ್ಲಿ ಥಯೋಸಲ್ಫೇಟ್ ಇತ್ತೆ?' ಎಂದು ಸದಸ್ಯರೊಬ್ಬರು ಕೇಳಿದರೆ ಅಧಿಕಾರಿಯ ಬಳಿ ಕೂಡಲೇ ಉತ್ತರವಿರಬೇಕು. ಅಳತೆಯೇ ತಪ್ಪಾಗಿದ್ದರೆ ಅದರ ಮೇಲೆ ಕಟ್ಟಿದ ಶೇಕಡಾವಾರೆಲ್ಲ ವ್ಯರ್ಥ.

ಬಯಸಿದ್ದು ಸಿಗದಾಗ

ನೀರು ಇಷ್ಟು ಶುದ್ಧವಾದ ಮೇಲೆ ಮಕ್ಕಳ ಭೇದಿ ಕಡಿಮೆಯಾಗಿರಲೇಬೇಕು ಎಂದು ಯಾರಾದರೂ ಊಹಿಸುತ್ತಾರೆ. 2015ರಲ್ಲಿ ಪ್ರಕಟವಾದ ಆರೋಗ್ಯ ಅಧ್ಯಯನ ಹಾಗೆ ಹೇಳಲಿಲ್ಲ. ಐದು ವರ್ಷದೊಳಗಿನ ಮಕ್ಕಳ ಭೇದಿಯಲ್ಲಿ ಎರಡು ಬಗೆಯ ವಾರ್ಡುಗಳ ನಡುವೆ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಮಕ್ಕಳ ತೂಕದಲ್ಲೂ ಕಾಣಲಿಲ್ಲ. ಆದರೆ ಕಡಿಮೆ ಆದಾಯದ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಕಡಿಮೆ ಇತ್ತು. ಟೈಫಾಯಿಡ್ ಬಂದಿತ್ತೆಂದು ಹೇಳಿದ ಮನೆಗಳ ಪ್ರಮಾಣ ಶೇ. 42ರಷ್ಟು ಕಡಿಮೆ ಇತ್ತು.

ಇಲ್ಲಿ ಮಂಡನೆ ಮಾಡುವವರ ಪ್ರಾಮಾಣಿಕತೆಗೆ ನಿಜವಾದ ಪರೀಕ್ಷೆ. ಟೈಫಾಯಿಡ್ಡಿನ ಸಾಲನ್ನು ದಪ್ಪಕ್ಷರದಲ್ಲಿ ಹಾಕಿ, ಭೇದಿಯ ಮಾತು ಎತ್ತದೆ ಮುಂದೆ ಹೋದರೆ ಒಂದು ಸುಳ್ಳನ್ನೂ ಹೇಳದೆ ಸಭೆಯನ್ನು ದಾರಿ ತಪ್ಪಿಸಿದಂತಾಗುತ್ತದೆ. ಹತ್ತು ಸಂಗತಿ ಅಳೆದು, ಅದರಲ್ಲಿ ಚೆನ್ನಾಗಿ ಬಂದ ಎರಡನ್ನು ಮಾತ್ರ ತೋರಿಸಿದರೆ ಯಾವ ಪ್ರಯೋಗವೂ ಯಶಸ್ಸಿನಂತೆಯೇ ಕಾಣುತ್ತದೆ. ಆದ್ದರಿಂದ ಕ್ರಮ ಹೀಗಿರಬೇಕು: ಪ್ರಯೋಗಕ್ಕೆ ಮೊದಲು ಮುಖ್ಯವಾಗಿ ಏನನ್ನು ಬದಲಾಯಿಸುತ್ತೇವೆ ಎಂದು ಹೊರಟಿದ್ದೆವೋ ಅದರ ಫಲಿತಾಂಶ ಮೊದಲು, ಅದು ಬಾರದಿದ್ದರೂ ಮೊದಲು. ಉಳಿದದ್ದು ಆಮೇಲೆ.

ಶೇ. 42 ಎಂಬ ಅಂಕಿಯನ್ನೂ ಬಿಡಿಸಿ ಹೇಳಬೇಕು. ಸಾವಿರ ಮನೆಗಳಲ್ಲಿ 50 ಮನೆಗೆ ಬರುತ್ತಿದ್ದ ಕಾಯಿಲೆ 29ಕ್ಕೆ ಇಳಿದರೂ ಶೇ. 42, ಐದು ಸಾವಿರ ಮನೆಗಳಲ್ಲಿ 50 ಇದ್ದದ್ದು 29ಕ್ಕೆ ಇಳಿದರೂ ಶೇ. 42. ಪಾಲಿಕೆಯ ಖರ್ಚಿನ ದೃಷ್ಟಿಯಿಂದ ಎರಡೂ ಒಂದೇ ಅಲ್ಲ. 'ಎಷ್ಟರಲ್ಲಿ ಶೇ. 42?' ಎಂದು ಸದಸ್ಯರು ಕೇಳುವ ಮೊದಲೇ ಅಧಿಕಾರಿ ಅದನ್ನು ಹೇಳಬೇಕು. ಟೈಫಾಯಿಡ್ ಲೆಕ್ಕ ಬಂದದ್ದು ಮನೆಯವರ ಮಾತಿನಿಂದ, ಪ್ರತಿ ಪ್ರಕರಣವನ್ನೂ ರಕ್ತ ಪರೀಕ್ಷೆಯಿಂದ ದೃಢಪಡಿಸಿಕೊಂಡದ್ದಲ್ಲ ಎಂಬುದನ್ನೂ ಹೇಳಬೇಕು.

ಭೇದಿ ಯಾಕೆ ಕಡಿಮೆಯಾಗಲಿಲ್ಲ? ಉತ್ತರದ ಒಂದು ಭಾಗ ಅಡುಗೆಮನೆಯಲ್ಲಿದೆ. 24 ತಾಸು ನೀರು ಬಂದರೂ ಜನ ನೀರು ಕೂಡಿಡುವುದನ್ನು ಬಿಡಲಿಲ್ಲ. ವರ್ಷಗಟ್ಟಲೆ ಕಾದು ತುಂಬಿಸಿಕೊಂಡು ಬಂದ ಮನೆ, ನಾಳೆ ನೀರು ಬಂದೇ ಬರುತ್ತದೆ ಎಂದು ಒಂದೆರಡು ವರ್ಷದಲ್ಲಿ ನಂಬಲಾರದು. ನಲ್ಲಿಯಲ್ಲಿ ಶುದ್ಧವಾಗಿದ್ದ ನೀರು ಕೊಡಕ್ಕೆ ಬಂದು, ಚೊಂಬು ಅದ್ದಿ ತೆಗೆದು, ಕೈ ತಾಗಿ, ಮತ್ತೆ ಕೆಡುತ್ತದೆ. ನಲ್ಲಿಯಿಂದ ಕೂಡಿಟ್ಟ ಪಾತ್ರೆಗೆ ಬರುವಷ್ಟರಲ್ಲಿ ಗುಣಮಟ್ಟ ಇಳಿಯುವುದನ್ನು ಸಂಶೋಧಕರು ಅಳೆದು ಕಂಡರು. ಇದಲ್ಲದೆ ಮಕ್ಕಳ ಭೇದಿಗೆ ನೀರೊಂದೇ ದಾರಿಯಲ್ಲ. ಕೈ, ಆಹಾರ, ಆಡುವ ಮಣ್ಣು, ಬಚ್ಚಲು ಎಲ್ಲವೂ ಇವೆ. ಇದು ಗೊತ್ತಾದದ್ದರಿಂದ ಕೇಳಿಕೆಯೂ ಬದಲಾಗಬೇಕು. 'ಮಕ್ಕಳ ಭೇದಿ ನಿಲ್ಲುತ್ತದೆ, ಹಣ ಕೊಡಿ' ಎನ್ನುವಂತಿಲ್ಲ. 'ನಲ್ಲಿಯ ನೀರು ಶುದ್ಧವಾಗುತ್ತದೆ, ಕಾಯುವುದು ತಪ್ಪುತ್ತದೆ, ಟೈಫಾಯಿಡ್ ಕಡಿಮೆಯಾಗುವ ಸೂಚನೆ ಇದೆ. ಭೇದಿ ತಗ್ಗಬೇಕಾದರೆ ಇದರ ಜೊತೆಗೆ ಬೇರೆ ಕೆಲಸವೂ ಬೇಕು' ಎನ್ನಬೇಕು. ಕೇಳಲು ಇದು ಮಂಕಾಗಿರಬಹುದು, ಆದರೆ ಉಳಿಸಿಕೊಳ್ಳಬಹುದಾದ ಮಾತು ಇದೇ.

ಎಂಟು ಅರವತ್ತೇಳಾದಾಗ

ಎಂಟು ವಾರ್ಡಿನಲ್ಲಿ ಆದದ್ದು ಊರೆಲ್ಲ ಆಗುತ್ತದೆಯೇ ಎಂಬುದು ಇನ್ನೂ ಬೇರೆಯದೇ ಪ್ರಶ್ನೆ. ಹುಬ್ಬಳ್ಳಿ-ಧಾರವಾಡದ ಮಟ್ಟಿಗೆ ಸಭೆಯ ಮುಂದೆ ಇಡಬೇಕಾದ ಮುಖ್ಯ ಮಿತಿಗಳು ಮೂರು.

ಒಂದನೆಯದು, ಪ್ರಯೋಗದಲ್ಲಿ ಬದಲಾದದ್ದು ನೀರು ಬಿಡುವ ವೇಳೆ ಮಾತ್ರವಲ್ಲ. ಆ ವಾರ್ಡುಗಳಲ್ಲಿ ಹಳೆಯ ಜಾಲದ ಬದಲು ಹೊಸ ಪೈಪು ಹಾಕಿದರು, ಮನೆಗಳಿಗೆ ಹೊಸ ಸಂಪರ್ಕ ಕೊಟ್ಟರು, ಮೀಟರ್ ಕೂರಿಸಿದರು, ನಿರ್ವಹಣೆಯನ್ನು ಖಾಸಗಿ ಕಂಪನಿಗೆ ವಹಿಸಿದರು. ನೀರು ಶುದ್ಧವಾದದ್ದು ಸದಾ ಒತ್ತಡ ಇದ್ದುದರಿಂದಲೋ, ಪೈಪು ಹೊಸದಾಗಿದ್ದುದರಿಂದಲೋ? ಎರಡರ ಪಾಲೂ ಇರಬಹುದು, ಆದರೆ ಈ ಪ್ರಯೋಗ ಅವನ್ನು ಬೇರೆ ಮಾಡಿ ತೋರಿಸುವುದಿಲ್ಲ. ಇದು ಬರಿಯ ಸಂಶೋಧಕರ ತಕರಾರಲ್ಲ. ಹಣ ಸಾಲದೆ ಬಂದಾಗ ಯಾರಾದರೂ 'ಹಳೆಯ ಪೈಪಿನಲ್ಲೇ 24 ತಾಸು ನೀರು ಬಿಡೋಣ' ಎಂದು ಸೂಚಿಸುತ್ತಾರೆ. ಆಗ ಈ ಪ್ರಯೋಗದ ಫಲಿತಾಂಶವನ್ನು ಅದಕ್ಕೆ ಆಧಾರವಾಗಿ ತೋರಿಸುವಂತಿಲ್ಲ. ಫಲಿತಾಂಶ ಇಡೀ ಕಟ್ಟಿನದು. ಅದರಿಂದ ಒಂದನ್ನು ಕಿತ್ತರೆ ಉಳಿದದ್ದು ಏನಾಗುತ್ತದೆ ಎಂದು ಯಾರೂ ನೋಡಿಲ್ಲ.

ಎರಡನೆಯದು, ನೀರಿನ ಮೂಲ. ಅವಳಿ ನಗರಕ್ಕೆ ಮುಖ್ಯವಾಗಿ ಸವದತ್ತಿಯ ಬಳಿಯ ಮಲಪ್ರಭಾ ಜಲಾಶಯದಿಂದಲೂ, ಸ್ವಲ್ಪ ಪಾಲು ನೀರಸಾಗರದಿಂದಲೂ ನೀರು ಬರುತ್ತದೆ. ಹತ್ತರಲ್ಲೊಂದು ಪಾಲು ಜನರಿಗೆ ದಿನವಿಡೀ ನೀರು ಕೊಡುವಾಗ ಉಳಿದ ಒಂಬತ್ತು ಪಾಲಿನ ಸರಬರಾಜು ಹೊಂದಿಸಿಕೊಂಡು ಕೊಡಬಹುದು. ಎಲ್ಲರಿಗೂ ಕೊಡಹೊರಟಾಗ ಹೊಂದಿಸಿಕೊಳ್ಳಲು ಯಾರೂ ಉಳಿದಿರುವುದಿಲ್ಲ. ಸೋರಿಕೆ ತಗ್ಗಿದರೆ ಉಳಿತಾಯವಾಗುತ್ತದೆ ನಿಜ, ಆದರೆ ಮಳೆ ಕೈಕೊಟ್ಟ ವರ್ಷ ಜಲಾಶಯದಲ್ಲಿ ಎಷ್ಟಿರುತ್ತದೆ, ಪಂಪುಗಳು ಎಷ್ಟು ಎತ್ತಬಲ್ಲವು ಎಂಬ ಲೆಕ್ಕ ಎಂಟು ವಾರ್ಡಿನ ಪ್ರಯೋಗದಿಂದ ಹೊರಡುವುದಿಲ್ಲ. ಅದನ್ನು ಬೇರೆಯಾಗಿ ಮಾಡಿ ಸಭೆಯ ಮುಂದಿಡಬೇಕು.

ಮೂರನೆಯದು, ಗಮನ. ಪ್ರಯೋಗದ ವಾರ್ಡಿಗೆ ಬೇಕಾದ ಸಿಬ್ಬಂದಿ ಇರುತ್ತಾರೆ, ಹಿರಿಯ ಅಧಿಕಾರಿಗಳು ಬಂದು ನೋಡುತ್ತಿರುತ್ತಾರೆ, ಪೈಪು ಒಡೆದರೆ ಅಂದೇ ರಿಪೇರಿಯಾಗುತ್ತದೆ. ಎಂಟರಷ್ಟು ಹಿಗ್ಗಿದ ಮೇಲೆ ಆ ಗಮನ ಎಂಟು ಪಾಲಾಗಿ ಹಂಚಿಹೋಗುತ್ತದೆ. ಪ್ರಯೋಗಾಲಯದಲ್ಲಿ ಪಳಗಿದ ತಂತ್ರ ಹಾಗೆಯೇ ಇರಬಹುದು, ಅದನ್ನು ನಡೆಸುವ ಕೈಗಳು ಬದಲಾಗಿರುತ್ತವೆ.

ಈ ಮೂರನೆಯ ಮಿತಿ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಬಾಂಗ್ಲಾದೇಶದ ಒಂದು ಉದಾಹರಣೆ ಇದೆ. ಅಲ್ಲಿನ ರಂಗಪುರ ಭಾಗದಲ್ಲಿ ಭತ್ತದ ಕೊಯ್ಲಿಗೆ ಮುಂಚಿನ ತಿಂಗಳುಗಳಲ್ಲಿ ಕೂಲಿ ಸಿಗದೆ ಜನ ಹಸಿದಿರುತ್ತಾರೆ. 2008ರಲ್ಲಿ ಸಂಶೋಧಕರು ನೂರು ಹಳ್ಳಿಗಳ ಸುಮಾರು 1,900 ಕುಟುಂಬಗಳೊಂದಿಗೆ ಒಂದು ಪ್ರಯೋಗ ಮಾಡಿದರು. ಕೆಲಸ ಹುಡುಕಿ ಪಟ್ಟಣಕ್ಕೆ ಹೋಗುವುದಾದರೆ ಬಸ್ ಖರ್ಚಿಗೆ ಸಾಕಾಗುವಷ್ಟು ಸಣ್ಣ ಮೊತ್ತ ಕೊಟ್ಟರು. ಆ ನೆರವು ನೂರಕ್ಕೆ 22ರಷ್ಟು ಕುಟುಂಬಗಳನ್ನು ಹೊರಡಿಸಿತು, ಊರಿನಲ್ಲಿ ಉಳಿದವರ ಊಟವೂ ಸುಧಾರಿಸಿತು. ಪುರಾವೆ ಗಟ್ಟಿಯಾಗಿತ್ತು. ಎವಿಡೆನ್ಸ್ ಆ್ಯಕ್ಷನ್ ಎಂಬ ಸಂಸ್ಥೆ ಸ್ಥಳೀಯ ಸಂಘವೊಂದರ ಮೂಲಕ ಅದನ್ನು ಬಹಳ ದೊಡ್ಡದಾಗಿ ವಿಸ್ತರಿಸಿತು. ಜೊತೆಗೇ ಅಳತೆಯನ್ನೂ ಮುಂದುವರಿಸಿತು. 2017ರ ಅಳತೆಯಲ್ಲಿ ವಲಸೆ ಹೆಚ್ಚಿದ್ದೇ ಕಾಣಲಿಲ್ಲ. ಬಸ್ ಖರ್ಚು, ಹಸಿವು, ಪಟ್ಟಣ ಎಲ್ಲ ಮೊದಲಿನಂತೆಯೇ ಇದ್ದವು. ಕೊಡುವ ವ್ಯವಸ್ಥೆಯಲ್ಲಿ ಎಲ್ಲೋ ಎಡವಿತ್ತು, ಹಣ ತಲುಪಬೇಕಾದ ಮನೆಗಳಿಗೆ ತಲುಪಬೇಕಾದ ರೀತಿಯಲ್ಲಿ ತಲುಪಿರಲಿಲ್ಲ. ಸಂಸ್ಥೆ ಅದನ್ನು ಬಹಿರಂಗವಾಗಿ ಹೇಳಿ, 2019ರಲ್ಲಿ ಕಾರ್ಯಕ್ರಮವನ್ನೇ ನಿಲ್ಲಿಸಿತು. ವಿಸ್ತರಿಸುವಾಗಲೂ ಅಳೆಯುತ್ತಿದ್ದುದರಿಂದ ನಿಲ್ಲಿಸಬೇಕೆಂದು ತಿಳಿಯಿತು. ಅಳೆಯದಿದ್ದರೆ 2008ರ ಫಲಿತಾಂಶವನ್ನೇ ಹೇಳಿಕೊಂಡು ಇಂದಿಗೂ ನಡೆಸುತ್ತಿದ್ದರೇನೋ.

ಹಂತಹಂತವಾಗಿ ಕೇಳುವುದು

ಹಾಗಾದರೆ ಅಧಿಕಾರಿ ಸಭೆಯ ಮುಂದೆ ಏನು ಕೇಳಬೇಕು? 'ಇಡೀ ಊರಿಗೆ ಒಪ್ಪಿಗೆ ಕೊಡಿ' ಎಂದರೆ ಪುರಾವೆಗಿಂತ ಕೇಳಿಕೆ ದೊಡ್ಡದಾಗುತ್ತದೆ. 'ಇನ್ನೂ ಅಧ್ಯಯನ ಬೇಕು' ಎಂದರೆ ನೀರಿಗಾಗಿ ಕಾಯುತ್ತಿರುವವರಿಗೆ ಅನ್ಯಾಯ. ನಡುವಿನ ದಾರಿ ಹಂತಹಂತದ ಒಪ್ಪಿಗೆ. ಎಂಟು ವಾರ್ಡಿನ ಫಲಿತಾಂಶ ಕೈಯಲ್ಲಿದ್ದ ಅಧಿಕಾರಿಯೊಬ್ಬರ ಕೇಳಿಕೆ ಹೀಗಿರಬಹುದು:

'ಮುಂದಿನ ಹತ್ತು ವಾರ್ಡುಗಳಿಗೆ ವಿಸ್ತರಿಸಲು ಸಭೆ ಒಪ್ಪಿಗೆ ಕೊಡಬೇಕು. ಈ ಹತ್ತರಲ್ಲಿ ಅರ್ಧದಷ್ಟನ್ನು ಬೇಕೆಂದೇ ಕಷ್ಟದ ಕಡೆ ಆರಿಸುತ್ತೇವೆ: ಜಾಲದ ತುದಿಯಲ್ಲಿರುವ ಬಡಾವಣೆ, ಇಕ್ಕಟ್ಟಿನ ಹಳೆಯ ಪೇಟೆ, ಕೊಳೆಗೇರಿ. ಕೆಲಸ ಶುರುವಾಗುವ ಮೊದಲು ಮನೆಗಳ ಸಮೀಕ್ಷೆ ಮತ್ತು ನೀರಿನ ಪರೀಕ್ಷೆ ನಡೆಯುತ್ತದೆ. ನೀರು ಹರಿದು ಒಂದು ವರ್ಷದ ಮೇಲೆ ಅದೇ ಮನೆಗಳಲ್ಲಿ ಮತ್ತೆ ಅಳೆದು ಈ ಸಭೆಯ ಮುಂದಿಡುತ್ತೇವೆ. ತುದಿಯ ಮನೆಯ ನಲ್ಲಿಯಲ್ಲೂ ದಿನವಿಡೀ ನೀರು ಇರದಿದ್ದರೆ, ಅಥವಾ ನಲ್ಲಿಯ ನೀರು ಭಾರತೀಯ ಮಾನಕ ಬ್ಯೂರೊದ ಮಟ್ಟ ಮುಟ್ಟದಿದ್ದರೆ, ಕಾರಣ ಸಿಗುವವರೆಗೆ ಮುಂದಿನ ಹಂತಕ್ಕೆ ಹಣ ಕೇಳುವುದಿಲ್ಲ.'

ಈ ಕೊನೆಯ ವಾಕ್ಯವೇ ಮಂಡನೆಯ ಜೀವಾಳ. ನಿಲ್ಲಿಸುವ ಷರತ್ತನ್ನು ಫಲಿತಾಂಶ ಬರುವ ಮೊದಲೇ ಬರೆದಿಡಬೇಕು. ಆಮೇಲೆ ಬರೆಯಹೊರಟರೆ ಬಂದ ಫಲಿತಾಂಶಕ್ಕೆ ತಕ್ಕಂತೆ ಷರತ್ತು ಸಡಿಲವಾಗುತ್ತದೆ. ಷರತ್ತು ಅಳೆಯುವಂಥದ್ದೂ ಆಗಿರಬೇಕು. ಮಾನಕ ಬ್ಯೂರೊದ ಕುಡಿಯುವ ನೀರಿನ ಮಾನದಂಡದ ಪ್ರಕಾರ 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇ-ಕೊಲೈ ಇರಬಾರದು. ಕ್ಲೋರಿನ್ ಹಾಕಿದ ನೀರು ನಲ್ಲಿಗೆ ಬಂದಾಗ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಇವೆರಡನ್ನೂ ವಾರ್ಡಿನಲ್ಲೇ ಅಳೆಯಬಹುದು, ಯಾರೂ ತಮಗೆ ಬೇಕಾದಂತೆ ಅರ್ಥ ಮಾಡಿಕೊಳ್ಳಲಾರರು. ಜನರ ತೃಪ್ತಿ ಹೆಚ್ಚಬೇಕು ಎಂಬಂಥ ಷರತ್ತಿಗೆ ಆ ಗುಣವಿಲ್ಲ.

ಕಷ್ಟದ ವಾರ್ಡುಗಳನ್ನೇ ಮುಂದಿನ ಹಂತಕ್ಕೆ ಆರಿಸುವುದು ರಾಜಕೀಯವಾಗಿ ಸುಲಭವಲ್ಲ. ಸುಲಭದ ಕಡೆ ಮಾಡಿದರೆ ಬೇಗ ಹೆಸರು ಬರುತ್ತದೆ. ಆದರೆ ಸುಲಭದ್ದನ್ನೆಲ್ಲ ಮುಗಿಸಿ, ಸಾಲವೆಲ್ಲ ಖರ್ಚಾದ ಮೇಲೆ ಕಷ್ಟದ ವಾರ್ಡಿಗೆ ಬಂದರೆ, ಅಲ್ಲಿ ಆಗುವುದಿಲ್ಲ ಎಂದು ತಿಳಿಯುವ ಹೊತ್ತಿಗೆ ಹಿಂದಿರುಗುವ ದಾರಿ ಇರುವುದಿಲ್ಲ.

ಸಭೆಯಲ್ಲಿ ಎರಡು ಪ್ರಶ್ನೆ ಖಂಡಿತ ಬರುತ್ತವೆ. ಮೊದಲನೆಯದು ಸದಸ್ಯರಿಂದ: 'ಸರ, ನಮ್ಮ ವಾರ್ಡಿಗೆ ಯಾವಾಗ ಬರ್ತೈತ್ರೀ?' ಇದನ್ನು ಅಧಿಕಪ್ರಸಂಗವೆಂದು ತಳ್ಳಬಾರದು. ಅವರನ್ನು ದಿನಾ ಬೆಳಗಾದರೆ ಮನೆ ಬಾಗಿಲಿಗೆ ಬಂದು ಜನ ಕೇಳುವ ಪ್ರಶ್ನೆಯೇ ಇದು. ವಾರ್ಡುಗಳ ಸರದಿ ಯಾವ ಆಧಾರದ ಮೇಲೆ ನಿಂತಿದೆ ಎಂಬುದನ್ನು ಒಂದು ಪುಟದಲ್ಲಿ ಬರೆದು ಎಲ್ಲರಿಗೂ ಹಂಚಿದರೆ, ಉತ್ತರ ಯಾರನ್ನೂ ಮೆಚ್ಚಿಸದಿದ್ದರೂ ಎಲ್ಲರಿಗೂ ಒಂದೇ ಆಗಿರುತ್ತದೆ. ಎರಡನೆಯದು ಲೆಕ್ಕಪತ್ರದವರಿಂದ: ಕಟ್ಟುವುದಕ್ಕೆ ಸಾಲ ಸಿಗುತ್ತದೆ, ಆಮೇಲೆ ಪ್ರತಿ ತಿಂಗಳ ವಿದ್ಯುತ್ತು, ರಿಪೇರಿ, ಸಂಬಳ ಯಾರು ಕೊಡುತ್ತಾರೆ? ಮೀಟರ್ ಬಂದರೆ ಬಳಸಿದಷ್ಟಕ್ಕೆ ಬಿಲ್ಲು. ಕಡಿಮೆ ಆದಾಯದ ಮನೆ ಆ ಬಿಲ್ಲು ಕಟ್ಟಲಾರದೆ ಹೋದರೆ ಅದರ ನಲ್ಲಿ ಏನಾಗಬೇಕು ಎಂಬ ತೀರ್ಮಾನ ಪೈಪು ಹಾಕುವ ಮೊದಲೇ ಆಗಿರಬೇಕು. ರಕ್ತಭೇದಿ ಕಡಿಮೆಯಾದದ್ದು ಅಂಥ ಮನೆಗಳ ಮಕ್ಕಳಲ್ಲೇ ಎಂಬುದನ್ನು ಅಧಿಕಾರಿ ಅಲ್ಲಿ ನೆನಪಿಸಬೇಕು. ಯೋಜನೆಯ ಲಾಭ ಹೆಚ್ಚಾಗಿ ಸಿಗುವವರನ್ನೇ ಬಿಲ್ಲಿನ ಕಾರಣಕ್ಕೆ ಹೊರಗಿಟ್ಟರೆ ಪ್ರಯೋಗದ ಫಲಿತಾಂಶ ವಿಸ್ತರಣೆಯಲ್ಲಿ ಉಳಿಯುವುದಿಲ್ಲ.

ಇಡೀ ಅವಳಿ ನಗರಕ್ಕೆ ನಿರಂತರ ನೀರು ಕೊಡುವ ಯೋಜನೆಗೆ ವಿಶ್ವಬ್ಯಾಂಕಿನ ಸಾಲ ಮಂಜೂರಾದದ್ದು 2016ರಲ್ಲಿ, ಪ್ರಯೋಗದ ವಾರ್ಡುಗಳಲ್ಲಿ ನೀರು ಹರಿದು ಎಂಟು ವರ್ಷದ ಮೇಲೆ. ಈ ಅವಧಿಯಲ್ಲಿ ಉಳಿದ ವಾರ್ಡುಗಳ ಜನ ಕೊಡ ಹಿಡಿದು ಕಾದರು. ಅಷ್ಟು ಕಾಯಿಸಿದ ಮೇಲೆ ಜನರಿಗೆ ಸಿಗಬೇಕಾದದ್ದು ನೀರೊಂದೇ ಅಲ್ಲ, ಲೆಕ್ಕವೂ ಸಿಗಬೇಕು. ನಿಮ್ಮ ಊರಿನಲ್ಲಿ ಕಸವೋ, ಬಸ್ಸೋ, ನೀರೋ, ಯಾವುದೇ ಪ್ರಾಯೋಗಿಕ ಯೋಜನೆಯನ್ನು 'ಯಶಸ್ವಿ' ಎಂದು ಸಾರಿ ವಿಸ್ತರಿಸಹೊರಟಾಗ ನಿಮ್ಮ ಸದಸ್ಯರನ್ನು ಮೂರು ಸಂಗತಿ ಕೇಳಿ. ಯಾರೊಂದಿಗೆ ಹೋಲಿಸಿ ಯಶಸ್ವಿ ಎಂದಿರಿ? ಅಳೆದದ್ದರಲ್ಲಿ ಯಾವುದು ಬದಲಾಗಲಿಲ್ಲ? ಏನು ಕಂಡರೆ ನಿಲ್ಲಿಸುತ್ತೀರಿ? ಈ ಮೂರಕ್ಕೆ ಬರಹದಲ್ಲಿ ಉತ್ತರವಿದ್ದರೆ ಆ ಯೋಜನೆಗೆ ಬೆಂಬಲ ಕೊಡಿ. ಇಲ್ಲದಿದ್ದರೆ ಉತ್ತರ ಬರುವವರೆಗೆ ಕೇಳುತ್ತಲೇ ಇರಿ. ಖರ್ಚಾಗುವುದು ನಿಮ್ಮ ತೆರಿಗೆಯ ಹಣ.